ನಾನು ಕತ್ತರಿಸಿ ಬಿಸಾಡಿದ ಮೌನ

ಒಬ್ಬರೇ ಕ್ಯಾಮೆರಾ ಮುಂದೆ ನಿಂತು ಸ್ಟ್ಯಾಂಡ್-ಅಪ್ ಧಾಟಿಯಲ್ಲಿ ಕಥೆ ಹೇಳುವ ವಿಡಿಯೊಗಳನ್ನು ಎಡಿಟ್ ಮಾಡುವುದು ನನ್ನ ಕೆಲಸ. ಅಂಥದ್ದೊಂದು ಒಳ್ಳೆಯ ಕಥೆಯನ್ನು ನಾನೇ ಕೆಡಿಸಿದ್ದೆ.

ಕಥೆ ಹೇಳಿದಾಕೆಯ ಅಪ್ಪ ಯಾವಾಗ ಫೋನ್ ಮಾಡಿದರೂ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಬೀಗ ಹಾಕಿದ್ದೀಯಾ?" ಕಥೆಯ ನಡುವೆ ಅವರನ್ನು ಆಪರೇಷನ್‌ಗೆ ಒಳಗೆ ಕರೆದೊಯ್ಯುವಾಗ, ಸ್ಟ್ರೆಚರ್ ಮೇಲೆ ಮಲಗಿಯೇ ಮಗಳನ್ನು ಹತ್ತಿರ ಕರೆದು ಅದನ್ನೇ ಕೇಳುತ್ತಾರೆ. ಕೊನೆಯಲ್ಲಿ ಅಪ್ಪ ಇಲ್ಲ. ಖಾಲಿ ಮನೆಗೆ ಬೀಗ ಹಾಕಿ ಗೇಟಿನ ತನಕ ಬಂದ ಮಗಳು ವಾಪಸ್ ಹೋಗಿ ಬೀಗ ಎಳೆದು ನೋಡುತ್ತಾಳೆ. ಅದೇ ಮಾತನ್ನು ತನಗೆ ತಾನೇ ಕೇಳಿಕೊಳ್ಳುತ್ತಾಳೆ.

ಶೂಟ್ ಆದದ್ದು 6 ನಿಮಿಷ, ಬೇಕಿದ್ದದ್ದು ಸರಿಯಾಗಿ 5. ಟೈಮ್‌ಲೈನ್‌ನಲ್ಲಿ ಮಾತಿಲ್ಲದ ಜಾಗ ಚಪ್ಪಟೆ ಗೆರೆಯಾಗಿ ಕಾಣುತ್ತದಲ್ಲ, ಅರ್ಧ ಸೆಕೆಂಡಿಗಿಂತ ಉದ್ದದ ಅಂಥ ಗೆರೆಗಳನ್ನೆಲ್ಲ ಕತ್ತರಿಸಿದೆ. ಇನ್ನೂ ಹನ್ನೆರಡು ಸೆಕೆಂಡ್ ಉಳಿದಿತ್ತು. ಶುರುವಿನ ಫೋನ್ ಪ್ರಸಂಗ ಸಪ್ಪೆ ಅನ್ನಿಸಿತು, ಅದನ್ನೂ ತೆಗೆದೆ. ಲೆಕ್ಕ ಸರಿಹೋಯಿತು.

ಕಥೆ ಗೊತ್ತಿದ್ದ ನಮಗೆ ಯಾರಿಗೂ ತಪ್ಪು ಕಾಣಲಿಲ್ಲ. ಕಥೆ ಕೇಳಿರದ ಸಹೋದ್ಯೋಗಿಯೊಬ್ಬರಿಗೆ ತೋರಿಸಿದಾಗ ಅವರು ಸ್ಟ್ರೆಚರ್ ಮಾತಿಗೆ ನಗಲಿಲ್ಲ. ಮುಗಿದ ಮೇಲೆ ಕೇಳಿದರು: "ಬೀಗದ ಮಾತು ಯಾಕೆ ಬಂತು?" ಕಾಲ್‌ಬ್ಯಾಕ್ ಅಂದರೆ ಹಿಂದೆ ಬಂದ ಮಾತನ್ನು ಮತ್ತೆ ಕರೆಸುವುದು. ಬಿತ್ತಿದ ಬೀಜವನ್ನೇ ನಾನು ಕಿತ್ತಿದ್ದೆ. ಬೀಜ ಬಿತ್ತುವ ಜಾಗ ಯಾವಾಗಲೂ ಸ್ವಲ್ಪ ಸಪ್ಪೆಯಾಗಿಯೇ ಕಾಣುತ್ತದೆ, ಕಾಣಲೂಬೇಕು. ಅಲ್ಲೇ ಒತ್ತಿ ಹೇಳಿದರೆ ಮುಂದೆ ಅದು ಬರುತ್ತದೆಂದು ನೋಡುವವರು ಕಾದು ಕೂರುತ್ತಾರೆ.

ಮೌನದ ವಿಷಯ ಅರ್ಥವಾಗಲು ಇನ್ನಷ್ಟು ಹೊತ್ತು ಹಿಡಿಯಿತು. ಪಂಚ್‌ಗೆ ಮುಂಚಿನ ಗ್ಯಾಪ್ ಅರ್ಧ ಸೆಕೆಂಡ್ ಸಾಕು, ಅದು ಕಿವಿಯನ್ನು ಹತ್ತಿರಕ್ಕೆ ಎಳೆಯುತ್ತದೆ. ಪಂಚ್ ಆದ ಮೇಲಿನದು ಬೇರೆ. ಸಭಾಂಗಣದಲ್ಲಾದರೆ ಆ ಜಾಗವನ್ನು ಜನರ ನಗು ತುಂಬುತ್ತದೆ, ಅದು ಇಳಿಯುವ ತನಕ ಕಲಾವಿದರು ಕಾಯುತ್ತಾರೆ. ಕ್ಯಾಮೆರಾ ಎದುರು ನಗುವವರಿಲ್ಲ, ಆದರೂ ನೋಡುವವರಿಗೆ ಅಷ್ಟು ಉಸಿರು ಬೇಕು. ನಮ್ಮ ಕಥೆಗೆ ಒಂದೂಕಾಲು ಸೆಕೆಂಡ್ ಹೊಂದಿತು. ನಾನು ಅದನ್ನು ಕತ್ತರಿಸಿದ್ದರಿಂದ ನಗುವ ಮೊದಲೇ ಮುಂದಿನ ವಾಕ್ಯ ಬಂದು ಬೀಳುತ್ತಿತ್ತು. ಸ್ಟ್ರೆಚರ್ ಒಳಗೆ ಹೋಗಿ ಬಾಗಿಲು ಮುಚ್ಚಿದ ನಂತರ ಕಥೆ ತಿರುಗುತ್ತದೆ. ಅಲ್ಲಂತೂ ಮೂರು ಸೆಕೆಂಡ್ ಬೇಕಿತ್ತು.

ಹಾಗೆಂದು ಎಲ್ಲ ಮೌನವೂ ಉಳಿಸುವಂಥದ್ದಲ್ಲ. ನಾನೀಗ ದನಿ ಬಂದ್ ಮಾಡಿ ಬರೀ ಮುಖ ನೋಡುತ್ತೇನೆ. ಕಣ್ಣು ಲೆನ್ಸ್‌ನಲ್ಲೇ ನೆಟ್ಟಿದ್ದು ಮುಖದಲ್ಲಿ ಏನೋ ನಡೆಯುತ್ತಿದ್ದರೆ ಅದು ಕಥೆಯ ಮೌನ. ಕಣ್ಣು ಪಕ್ಕಕ್ಕೋ ಮೇಲಕ್ಕೋ ಸರಿದರೆ ಹೆಚ್ಚಾಗಿ ಮುಂದಿನ ಸಾಲು ಹುಡುಕುತ್ತಿದ್ದಾರೆ ಎಂದರ್ಥ, ಅದನ್ನು ತೆಗೆಯಬಹುದು. ಇನ್ನೊಂದು: ಗ್ಯಾಪ್‌ನಲ್ಲಿ ದನಿಯನ್ನು ಪೂರ್ತಿ ಸೊನ್ನೆಗೆ ಇಳಿಸಿದರೆ ವಿಡಿಯೊ ನಿಂತುಹೋದಂತೆ ಅನ್ನಿಸುತ್ತದೆ. ಅದಕ್ಕೇ ಶೂಟ್ ಮುಗಿದ ಮೇಲೆ ಎಲ್ಲರೂ ಸುಮ್ಮನಿದ್ದು ಆ ಕೋಣೆಯದೇ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿಟ್ಟು, ಕೆಳಗೆ ಹಾಸುತ್ತೇವೆ.

ಎರಡನೇ ಸಲ ಶೂಟ್ ಮಾಡಿದಾಗ ಸಮಯವನ್ನು ಕೊನೆಯಿಂದ ಹಿಂದಕ್ಕೆ ಎಣಿಸಿದೆವು. ಕೊನೆಯ ಮಾತು 4:55ಕ್ಕೆ ಮುಗಿಯಬೇಕು, ಮೂರು ಸೆಕೆಂಡ್ ಮುಖ, ಎರಡು ಸೆಕೆಂಡ್ ಕತ್ತಲೆ. ಖಾಲಿ ಮನೆಯ ಪ್ರಸಂಗಕ್ಕೆ ಅದರದೇ ನಡಿಗೆಯಲ್ಲಿ 55 ಸೆಕೆಂಡ್ ಬೇಕು, ಅಂದರೆ 4:00ಕ್ಕೆ ಅಲ್ಲಿಗೆ ಬಂದಿರಲೇಬೇಕು. ನಡುವೆ ಪಕ್ಕದ ಮನೆಯವರ ಬಗ್ಗೆ 40 ಸೆಕೆಂಡಿನ ತಮಾಷೆ ಇತ್ತು. ಅದಿಲ್ಲದಿದ್ದರೂ ಕಥೆ ನಿಲ್ಲುತ್ತದೆ. ಆ ತುಂಡಿಗೆ ಬರುವ ಹೊತ್ತಿಗೆ ತಡವಾಗಿದ್ದರೆ ಲೆನ್ಸ್ ಕೆಳಗೆ ನಾನು ಪುಟ್ಟ ದೀಪ ಹೊತ್ತಿಸಬೇಕು, ಆಕೆ ಅದನ್ನು ಬಿಟ್ಟು ಮುಂದೆ ಹೋಗಬೇಕು. ತಡವಾದಾಗ ಎಲ್ಲರೂ ಅವಸರ ಮಾಡುವುದು ಕೊನೆಯಲ್ಲಿ. ಕೇಳುವವರು ಅಷ್ಟು ಹೊತ್ತು ಕಾದದ್ದೇ ಆ ಕೊನೆಗಾಗಿ, ಅಲ್ಲಿ ಉಸಿರು ಕಟ್ಟಿಸುವುದು ಅನ್ಯಾಯ.

ಒಂದು ಟೇಕ್‌ನಲ್ಲಿ ಆಕೆ ಕೊನೆಗೆ "ಬೀಗ ಸರಿಯಾಗಿ ಬಿದ್ದಿದೆಯಾ" ಅಂದರು. ಅರ್ಥ ಹೆಚ್ಚುಕಡಿಮೆ ಅದೇ, ಆದರೆ ಮೈ ಜುಮ್ಮೆನ್ನಲಿಲ್ಲ. ಅಪ್ಪನ ಮಾತು ಅಕ್ಷರ ಬದಲಾಗದೆ, ಅದೇ ರಾಗದಲ್ಲಿ ಬರಬೇಕಿತ್ತು.

ಮುಂದಿನ ಟೇಕ್‌ಗೆ ದೀಪ ಹೊತ್ತಿಸಿದೆ. ಆಕೆ ಪಕ್ಕದ ಮನೆಯವರನ್ನು ಬಿಟ್ಟು ನೇರ ಖಾಲಿ ಮನೆಗೆ ಬಂದರು. ಗೇಟಿನಿಂದ ವಾಪಸ್ ಹೋದರು, ಗಾಳಿಯಲ್ಲೇ ಬೀಗ ಹಿಡಿದು ಎಳೆದರು. ಲೆನ್ಸ್ ನೋಡಿ, ಮೆಲ್ಲಗೆ, "ಬೀಗ ಹಾಕಿದ್ದೀಯಾ?" ಅಂದರು. ಆಮೇಲಿನ ಮೂರು ಸೆಕೆಂಡಿನಲ್ಲಿ ಅವರ ಬೆರಳು ಮಾತ್ರ ನಿಧಾನವಾಗಿ ಬಿಚ್ಚಿಕೊಂಡಿತು. ಆ ಎಪ್ಪತ್ತೈದು ಫ್ರೇಮ್‌ಗಳಲ್ಲಿ ಒಂದನ್ನೂ ನಾನು ಮುಟ್ಟಲಿಲ್ಲ.