ಯಾವ ಕಲ್ಲು?

“ಆಫ್ರಿಕಾದವರು, ಆದಿವಾಸಿಗಳು ಕಲ್ಲು, ಮರಕ್ಕೆಲ್ಲ ಜೀವ ಇದೆ ಎಂದು ನಂಬುತ್ತಾರಲ್ಲ? ಅದನ್ನು ಅನಿಮಿಸಂ ಎಂದರೆ ನಿಮಗೇಕೆ ಸಿಟ್ಟು?”

ಆ ‘ಮರಕ್ಕೆಲ್ಲ’ದಲ್ಲಿರುವ ‘ಎಲ್ಲ’ದ ಮೇಲೆ ಸಿಟ್ಟು. ಕಳೆದ ಸಲ ಹೀಗೆ ಕೇಳಿದ್ದು ನನ್ನ ಭಾವ, ವಿಜಯನಗರದ ಒಂದು ಗೃಹಪ್ರವೇಶದಲ್ಲಿ, ಊಟದ ಪಂಕ್ತಿಯಲ್ಲಿ. ಎಲೆಗೆ ಹೋಳಿಗೆ ಬಿದ್ದಿತ್ತು. ತುಪ್ಪದವನು ಬರುವುದರೊಳಗೆ ನಾನು ಉತ್ತರ ಹೇಳಿ ಮುಗಿಸಬೇಕಿತ್ತು. ಧರ್ಮಗಳ ಬಗ್ಗೆ ಪಾಠ ಮಾಡುವವರ ಹಣೆಬರಹವೇ ಇಷ್ಟು. ಲೆಕ್ಕಪರಿಶೋಧಕರನ್ನು ಯಾರೂ ಹೀಗೆ ಬಾಯಿ ತುಂಬಿರುವಾಗ ಹಿಡಿಯುವುದಿಲ್ಲ.

ಅನಿಮಿಸಂ ಪದವನ್ನು ಚಲಾವಣೆಗೆ ತಂದದ್ದು 1871ರಲ್ಲಿ, ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ಎಡ್ವರ್ಡ್ ಟೈಲರ್. ಆಫ್ರಿಕಾದ ಯಾವ ಊರಿನಲ್ಲೂ ಕುಳಿತು ವಿಚಾರಿಸಿದವನಲ್ಲ. ಪಾದ್ರಿಗಳು, ಪ್ರವಾಸಿಗರು ಬರೆದು ಕಳಿಸಿದ್ದನ್ನು ಜೋಡಿಸಿದವನು. ಕನಸಿನಲ್ಲಿ ಸತ್ತವರು ಕಾಣಿಸುತ್ತಾರೆ, ಆದ್ದರಿಂದ ಆದಿಮಾನವ ಆತ್ಮವೊಂದಿದೆ ಎಂದು ಊಹಿಸಿದ, ಆಮೇಲೆ ಅದನ್ನು ಮರಕ್ಕೂ ಕಲ್ಲಿಗೂ ಹಂಚಿದ ಎಂಬುದು ಅವನ ವಾದ. ಅಂದರೆ ಅನಿಮಿಸಂ ಎನ್ನುವುದು ಯಾವ ಜನರೂ ತಮ್ಮ ಆಚರಣೆಗೆ ಇಟ್ಟುಕೊಂಡ ಹೆಸರಲ್ಲ. ಮನುಷ್ಯಕುಲ ಚಿಕ್ಕಂದಿನಲ್ಲಿ ಮಾಡಿದ ತಪ್ಪು ಲೆಕ್ಕ ಎಂದು ಟೈಲರ್ ಕೊಟ್ಟ ತೀರ್ಪು ಅದು. ವರ್ಷಗಟ್ಟಲೆ ಕಲಿತು 256 ಅಧ್ಯಾಯಗಳ ಪದ್ಯಗಳಿಂದ ಕಣಿ ಹೇಳುವ, ಪಶ್ಚಿಮ ಆಫ್ರಿಕಾದ ಯೊರುಬಾ ಜನರ ಇಫಾ ಪುರೋಹಿತನೂ ಅದೇ ಚೀಲದೊಳಗೆ ಬಿದ್ದ.

ಚೀಲಕ್ಕಿಂತ ನನ್ನನ್ನು ಕಾಡುವುದು ಪ್ರಶ್ನೆ ಕೇಳುವ ರೀತಿ. ಉಗಾಂಡದ ಕವಿ ಒಕೋಟ್ ಪಿಬಿಟೆಕ್ ತನ್ನದೇ ಅಚೋಲಿ ಜನರ ಒಂದು ಸಂಗತಿಯನ್ನು ಬರೆದಿದ್ದಾನೆ. 1911ರಲ್ಲಿ ಇಟಲಿಯ ಕ್ಯಾಥೊಲಿಕ್ ಪಾದ್ರಿಗಳು ಅಚೋಲಿ ಹಿರಿಯರನ್ನು ಕೂರಿಸಿ, “ನಿಮ್ಮನ್ನು ಸೃಷ್ಟಿಸಿದವರು ಯಾರು?” ಎಂದು ಕೇಳಿದರು. ಅವರ ಭಾಷೆಯಲ್ಲಿ ಸೃಷ್ಟಿಗೆ ಪದವಿಲ್ಲ. ಹಾಗಾಗಿ ಪ್ರಶ್ನೆ, “ಮಣ್ಣು ಮಿದ್ದಿದ ಹಾಗೆ ನಿಮ್ಮನ್ನು ಮಿದ್ದಿ ರೂಪಿಸಿದವರು ಯಾರು?” ಎಂದಾಯಿತು. ತಾಯಿಯ ಹೊಟ್ಟೆಯಿಂದ ಬಂದವರನ್ನು ಯಾರು ಮಿದ್ದುತ್ತಾರೆ? ಗೊತ್ತಿಲ್ಲ ಎಂದರು. ಪಾದ್ರಿಗಳು ಬಿಡಲಿಲ್ಲ. ಕೊನೆಗೆ ಒಬ್ಬ ಹಿರಿಯನಿಗೆ ಬೆನ್ನುಮೂಳೆಯ ಕ್ಷಯ ನೆನಪಾಯಿತು: ನೆಟ್ಟಗೆ ಹುಟ್ಟಿದ ಮನುಷ್ಯನನ್ನೂ ಅದು ಮಿದ್ದಿ ಗೂನನನ್ನಾಗಿ ಮಾಡುತ್ತದಲ್ಲ! ಆ ರೋಗ ತರುವ ಕೇಡಿನ ಶಕ್ತಿಯ ಹೆಸರು ರುಬಂಗ. “ರುಬಂಗ ಮಿದ್ದುತ್ತಾನೆ” ಎಂದ. ಪಾದ್ರಿಗಳು ಸಂತೋಷದಿಂದ ಬರೆದುಕೊಂಡರು. ಅಚೋಲಿ ಕ್ರೈಸ್ತರ ದೇವರಿಗೆ ಆ ಹೆಸರೇ ನಿಂತಿತು.

ಪಿಬಿಟೆಕ್ ಬೈದದ್ದು ಪಾದ್ರಿಗಳನ್ನು ಮಾತ್ರವಲ್ಲ. ಅನಿಮಿಸಂ ಎಂಬ ಪದವನ್ನು ಅವಮಾನವೆಂದು ತಳ್ಳಿ, “ನಮಗೂ ಒಬ್ಬ ಪರಮದೇವರಿದ್ದಾನೆ” ಎಂದು ತೋರಿಸಲು ಹೊರಟ ಕೀನ್ಯಾದ ಜಾನ್ ಎಂಬಿಟಿಯಂಥ ಆಫ್ರಿಕನ್ ವಿದ್ವಾಂಸರನ್ನೂ ಬಿಡಲಿಲ್ಲ. ಆಫ್ರಿಕದ ದೇವತೆಗಳಿಗೆ ಗ್ರೀಕರ ನಿಲುವಂಗಿ ತೊಡಿಸುತ್ತಿದ್ದಾರೆ ಎಂಬುದು ಅವನ ದೂರು. ಎಂಬಿಟಿಯ ಬಗ್ಗೆ ಇದು ಸ್ವಲ್ಪ ಕಟುವಾಯಿತು ಎಂದೇ ನನಗನ್ನಿಸುತ್ತದೆ. ಆದರೂ ಹಳೆಯ ಹೆಸರನ್ನು ಕಿತ್ತುಹಾಕಿದ ಮಾತ್ರಕ್ಕೆ ಪಾದ್ರಿಯ ಪ್ರಶ್ನೆಯಿಂದ ಬಿಡುಗಡೆ ಸಿಗಲಿಲ್ಲ ಎಂಬುದು ನಿಜ.

ಭಾವ ಕೇಳಬೇಕಿದ್ದದ್ದು “ಯಾವ ಕಲ್ಲು?” ಎಂದು. ಕೆನಡಾದ ಒಜಿಬ್ವೆ ಬುಡಕಟ್ಟಿನ ಮುದುಕನೊಬ್ಬನನ್ನು ಮಾನವಶಾಸ್ತ್ರಜ್ಞ ಹ್ಯಾಲೊವೆಲ್, ಇಲ್ಲಿ ಕಾಣುವ ಕಲ್ಲುಗಳಿಗೆಲ್ಲ ಜೀವವಿದೆಯೇ ಎಂದು ಕೇಳಿದ್ದ. ಮುದುಕ ಬಹಳ ಹೊತ್ತು ಯೋಚಿಸಿ, “ಇಲ್ಲ, ಆದರೆ ಕೆಲವಕ್ಕೆ ಇದೆ” ಎಂದ.

ಅಷ್ಟು ದೂರವೇಕೆ? ನೀಲಗಿರಿಯ ನಾಯಕ ಎಂಬ ಬುಡಕಟ್ಟಿನವರ ನಡುವೆ ಇದ್ದು ಅಧ್ಯಯನ ಮಾಡಿದ ನುರಿತ್ ಬರ್ಡ್-ಡೇವಿಡ್ ಅವರ 1999ರ ಲೇಖನದ ತುಂಬ ಒಂದು ಪದ ಓಡಾಡುತ್ತದೆ: ದೇವರು. ನಮ್ಮದೇ ಪದ. ಗುಡಿಸಲುಗಳ ನಡುವಿನ ಮಣ್ಣಿನ ಜಗಲಿಯ ಮೇಲೆ ಕೆಲವು ಕಲ್ಲುಗಳಿವೆ. ಒಬ್ಬ ಹೆಂಗಸು ಕಾಡಿನಲ್ಲಿ ಗೆಡ್ಡೆ ಅಗೆಯುವಾಗ ಅವುಗಳಲ್ಲಿ ಒಂದು ತಾನಾಗಿ ಅವಳತ್ತ ಬಂತಂತೆ. ಇನ್ನೊಂದು, ಮರದಡಿ ದಣಿವಾರಿಸಿಕೊಳ್ಳುತ್ತಿದ್ದವಳ ಮಡಿಲಿಗೆ ಜಿಗಿಯಿತಂತೆ. ಅವು ದೇವರು. ಕಾಡಿನ ಮಿಕ್ಕ ಕಲ್ಲುಗಳು ಬರೀ ಕಲ್ಲು. ಕಲ್ಲಿನೊಳಗೆ ಆತ್ಮ ಇದೆಯೋ ಇಲ್ಲವೋ ಎಂಬ ಸಿದ್ಧಾಂತ ಇಲ್ಲಿಲ್ಲ. ಆ ಕಲ್ಲು ಯಾರೊಡನೆ ಹೇಗೆ ನಡೆದುಕೊಂಡಿತು ಎಂಬ ನೆನಪಿದೆ. ತಮಾಷೆಯೆಂದರೆ ಬರ್ಡ್-ಡೇವಿಡ್ ಅನಿಮಿಸಂ ಪದವನ್ನು ಎಸೆಯಲಿಲ್ಲ. ಈ ನಂಟಿನ ಅರ್ಥ ತುಂಬಿ ಉಳಿಸಿಕೊಂಡರು. ನನಗೆ ಧೈರ್ಯ ಸಾಲದು. ತರಗತಿಯಲ್ಲಿ ಪದ ಬಾಯಿಗೆ ಬಂದರೆ ಸಾಕು, ಹಿಂದಿನ ಬೆಂಚಿನಿಂದ ಟೈಲರನೇ ಎದ್ದು ನಿಲ್ಲುತ್ತಾನೆ.

ಇಷ್ಟನ್ನೂ ಪಂಕ್ತಿಯಲ್ಲಿ ಹೇಳಲಾಗಲಿಲ್ಲ. ಆ ಬೀದಿಯ ತುದಿಯಲ್ಲಿ ಅರಳಿಕಟ್ಟೆ, ಅದರ ಮೇಲೆ ಅರಿಸಿನ ಮೆತ್ತಿದ ನಾಗರಕಲ್ಲುಗಳು. ಪಕ್ಕದಲ್ಲೇ ಯಾರದೋ ಕಟ್ಟಡಕ್ಕೆ ಸುರಿದ ಜಲ್ಲಿ. ಬೆಳಿಗ್ಗೆ ಭಾವ ಚಪ್ಪಲಿ ಬಿಟ್ಟು ಕಟ್ಟೆಗೆ ಮೂರು ಸುತ್ತು ಬಂದದ್ದನ್ನು ನಾನೇ ನೋಡಿದ್ದೆ. “ಜಲ್ಲಿಗೇಕೆ ಕೈಮುಗಿಯಲಿಲ್ಲ ಭಾವ?” ಎಂದೆ.

ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ಮಗುವಿಗೆ ಹೇಳುವವರಂತೆ, “ಅದು ಬೇರೆ ಕಲ್ಲು ಕಣಯ್ಯಾ, ಪ್ರತಿಷ್ಠೆ ಮಾಡಿದ್ದು” ಎಂದರು.