ವಡಗಾವಿಯ ಓಣಿಯಲ್ಲಿ ಒಂದು ಕಜ್ಜಿ ನಾಯಿ

ಕಳೆದ ಮಳೆಗಾಲದಲ್ಲಿ ಬೆಳಗಾವಿಯ ವಡಗಾವಿಯ ನೇಕಾರರ ಓಣಿಯೊಂದರಿಂದ ನನಗೆ ಕರೆ ಬಂದಾಗ, ಅಲ್ಲಿಯವರು ಕೇಳಿದ್ದು ಒಂದು ನಾಯಿಯನ್ನು ಊರಾಚೆ ಸಾಗಿಸುವ ದಾರಿಯನ್ನು. ನಾಯಿಯ ಮೈಮೇಲೆ ಅರ್ಧದಷ್ಟು ಕೂದಲು ಉಳಿದಿರಲಿಲ್ಲ. ಚರ್ಮ ದಪ್ಪಗಾಗಿ ಬೂದುಬಣ್ಣಕ್ಕೆ ತಿರುಗಿತ್ತು. ಕೆರೆದು ಕೆರೆದು ಗಾಯವಾದ ಕಡೆ ಕೀವಿನ ವಾಸನೆ ಬರುತ್ತಿತ್ತು. ಓಣಿಯ ಎರಡು ಮನೆಗಳಲ್ಲಿ ಜನರಿಗೂ ಮೈ ತುರಿಸುತ್ತಿತ್ತು. ಮೊದಲ ಮನೆಯಲ್ಲಿ ಹತ್ತು ವರ್ಷದ ಒಬ್ಬ ಹುಡುಗನಿಗೆ ಮಾತ್ರ. ಮಳೆಯಲ್ಲಿ ನಡುಗುತ್ತಿದ್ದ ನಾಯಿಯನ್ನು ಎತ್ತಿಕೊಂಡು ಬಂದು ಮೆಟ್ಟಿಲ ಕೆಳಗೆ ಗೋಣಿಚೀಲದ ಮೇಲೆ ಮಲಗಿಸಿದವನು ಅವನೇ. ಓಣಿಯ ಕೊನೆಯ ಮನೆಯಲ್ಲಿ ತಂದೆ, ತಾಯಿ, ಇಬ್ಬರು ಹೆಣ್ಣುಮಕ್ಕಳು, ಹೀಗೆ ನಾಲ್ವರಿಗೂ ತಿಂಗಳಿಗೂ ಮೇಲಾಗಿ ತುರಿಕೆ. ಎರಡಕ್ಕೂ ಈ ನಾಯಿಯೇ ಕಾರಣವೆಂದು ಓಣಿಯವರು ತೀರ್ಮಾನಿಸಿಬಿಟ್ಟಿದ್ದರು. ಅದಕ್ಕೆ ದಿನವೂ ರೊಟ್ಟಿ ಹಾಕುತ್ತಿದ್ದ ಅಜ್ಜಿಗೆ ಮನೆಯವರು ಬಾಗಿಲ ಹೊರಗೆ ಬರಬೇಡವೆಂದು ತಾಕೀತು ಮಾಡಿದ್ದರು. "ನನಗೇನೂ ಆಗಿಲ್ರಿ ಡಾಕ್ಟರ್ರ, ದೂರಿಂದನ ಹಾಕ್ತೀನಿ, ಹಾಕೂದು ಬಿಡ್ಬೇಕೇನ್ರಿ?" ಎಂದು ಆಕೆ ಕೇಳಿದರು. ಆ ದಿನದ ನನ್ನ ಕೆಲಸವೆಲ್ಲ ಈ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕುವುದೇ ಆಗಿತ್ತು.

ಕಜ್ಜಿ ನಾಯಿಯನ್ನು ಮುಟ್ಟುವ ಮೊದಲು ದೂರದಿಂದ ನೋಡಬೇಕು, ಏಕೆಂದರೆ ಕೂದಲು ಎಲ್ಲಿ ಹೋಗಿದೆ ಎಂಬುದರಿಂದಲೇ ಅರ್ಧ ವಿಷಯ ತಿಳಿಯುತ್ತದೆ. ಈ ನಾಯಿಯಲ್ಲಿ ಕಿವಿಯ ಅಂಚು, ಮುಂಗಾಲಿನ ಮೊಣಕೈ, ಹಿಂಗಾಲಿನ ಹಿಮ್ಮಡಿ ಮತ್ತು ಹೊಟ್ಟೆಯ ಕೆಳಭಾಗ ಹಕ್ಕಳೆಗಟ್ಟಿದ್ದವು. ಬೆನ್ನಿನ ನಡುಭಾಗದಲ್ಲಿ ಮಾತ್ರ ಕೂದಲು ಉಳಿದಿತ್ತು. ರೊಟ್ಟಿ ಮುಂದಿದ್ದರೂ ಎರಡು ತುತ್ತು ತಿಂದು, ಬಿಟ್ಟು, ಕೆರೆದುಕೊಳ್ಳಲು ಕೂರುತ್ತಿತ್ತು. ಹಸಿದ ನಾಯಿ ತಿನ್ನುವುದನ್ನು ನಿಲ್ಲಿಸಿ ಕೆರೆದುಕೊಳ್ಳುತ್ತದೆ ಎಂದರೆ ಆ ತುರಿಕೆ ಎಷ್ಟಿರಬೇಕು! ಅಜ್ಜಿ ಕರೆದಾಗ ಮಾತ್ರ ಅದು ಹತ್ತಿರ ಬಂತು. ಕೈಗವಸು ಹಾಕಿಕೊಂಡು, ಬ್ಯಾಂಡೇಜ್ ಪಟ್ಟಿಯಿಂದ ಅದರ ಮೂತಿಯನ್ನು ಸಡಿಲವಾಗಿ ಕಟ್ಟಿ, ಕಿವಿಯ ತುದಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಕೆಲವು ಕ್ಷಣ ಉಜ್ಜಿದೆ. ಕೂಡಲೇ ಅದೇ ಬದಿಯ ಹಿಂಗಾಲು ಗಾಳಿಯಲ್ಲೇ ಕೆರೆಯತೊಡಗಿತು. ಇದೊಂದರಿಂದಲೇ ರೋಗ ಖಚಿತವಾಗುವುದಿಲ್ಲ, ಆದರೆ ಸಾರ್ಕಾಪ್ಟಿಸ್ ಎಂಬ ನುಸಿಯಿಂದ ಬರುವ ಕಜ್ಜಿಯಲ್ಲಿ ಬಹುಪಾಲು ನಾಯಿಗಳು ಹೀಗೆಯೇ ಕಾಲಾಡಿಸುತ್ತವೆ.

ಈ ನುಸಿ ಅರ್ಧ ಮಿಲಿಮೀಟರನ್ನೂ ಮೀರದ, ದುಂಡಗಿನ, ಮೋಟುಗಾಲಿನ ಜೀವಿ. ಹೆಣ್ಣು ನುಸಿ ಚರ್ಮದ ತೀರಾ ಮೇಲ್ಪದರದಲ್ಲಿ ಸುರಂಗ ಕೊರೆಯುತ್ತ ಸಾಗಿ, ದಾರಿಯುದ್ದಕ್ಕೂ ಮೊಟ್ಟೆಯನ್ನೂ ಹಿಕ್ಕೆಯನ್ನೂ ಬಿಡುತ್ತದೆ. ಮೊಟ್ಟೆಯಿಂದ ಬೆಳೆದ ನುಸಿಯಾಗಲು ಎರಡರಿಂದ ಮೂರು ವಾರ ಹಿಡಿಯುತ್ತದೆ. ನಾಯಿಗೆ ಆಗುವ ಯಾತನೆ ಹೆಚ್ಚಾಗಿ ಕೊರೆತದಿಂದ ಬರುವುದಲ್ಲ, ನುಸಿಯ ಎಂಜಲು ಮತ್ತು ಹಿಕ್ಕೆಗೆ ದೇಹ ತೋರುವ ಅಲರ್ಜಿಯಿಂದ ಬರುವುದು. ಆದ್ದರಿಂದಲೇ ಮೈಮೇಲೆ ಕೆಲವೇ ನುಸಿಗಳಿದ್ದರೂ ನಾಯಿ ಹಗಲು ರಾತ್ರಿ ಕೆರೆದುಕೊಳ್ಳಬಹುದು, ಮತ್ತು ಅದೇ ಕಾರಣಕ್ಕೆ ಪರೀಕ್ಷೆಯಲ್ಲಿ ನುಸಿ ಸಿಗದೆಯೂ ಹೋಗಬಹುದು. ಕಿವಿಯಂಚು ಮತ್ತು ಮೊಣಕೈಯಿಂದ, ಬ್ಲೇಡಿಗೆ ಲಿಕ್ವಿಡ್ ಪ್ಯಾರಾಫಿನ್ ಸವರಿ, ಆಳಕ್ಕೆ ಹೋಗದೆ ಅಗಲವಾಗಿ ಹಲವು ಕಡೆ ಕೆರೆದು ತೆಗೆದೆ. ಮೊದಲ ಗಾಜುಪಟ್ಟಿಗಳಲ್ಲಿ ಏನೂ ಕಾಣಲಿಲ್ಲ. ಕೊನೆಯದರಲ್ಲಿ ಒಂದೇ ಒಂದು ನುಸಿ ಮತ್ತು ಎರಡು ಮೊಟ್ಟೆಗಳು ಕಂಡವು. ಒಂದು ಕಂಡರೂ ಸಾಕು. ಏನೂ ಸಿಗದಿದ್ದರೂ ನಾನು ಚಿಕಿತ್ಸೆ ಆರಂಭಿಸುತ್ತಿದ್ದೆ, ಏಕೆಂದರೆ ಈ ಕಜ್ಜಿಯಿರುವ ಅನೇಕ ನಾಯಿಗಳಲ್ಲಿ ಕೆರೆದು ತೆಗೆದ ಮಾದರಿಯಲ್ಲಿ ನುಸಿ ಸಿಗುವುದೇ ಇಲ್ಲ.

ಇನ್ನು ಮನುಷ್ಯರ ಮಾತು. ಹುಡುಗನ ಮೈಮೇಲಿನ ಕೆಂಪು ಗುಳ್ಳೆಗಳು ಮುಂಗೈಯ ಒಳಭಾಗದಲ್ಲಿ, ಎದೆಯ ಕೆಳಗೆ ಮತ್ತು ಹೊಟ್ಟೆಯ ಮೇಲೆ, ಅಂದರೆ ನಾಯಿಯನ್ನು ಅಪ್ಪಿ ಎತ್ತಿಕೊಂಡಾಗ ಅದರ ಮೈ ತಾಗುವ ಜಾಗಗಳಲ್ಲೇ ಇದ್ದವು. ಎತ್ತಿಕೊಂಡ ಮರುದಿನವೇ ತುರಿಕೆ ಶುರುವಾಯಿತೆಂದು ಅವನ ತಾಯಿ ಹೇಳಿದರು. ನಾಯಿಯ ನುಸಿ ಮನುಷ್ಯನ ಚರ್ಮಕ್ಕೆ ಬಂದರೆ ಹೀಗೆಯೇ ಆಗುತ್ತದೆ: ಒಂದರಿಂದ ನಾಲ್ಕು ದಿನಗಳೊಳಗೆ ತುರಿಕೆ ಏಳುತ್ತದೆ, ಆದರೆ ನಮ್ಮ ಚರ್ಮದಲ್ಲಿ ಅದು ತನ್ನ ಸಂತತಿ ಬೆಳೆಸಲಾರದೆ ಸಾಯುತ್ತದೆ. ನಾಯಿಯೊಡನೆ ಒಡನಾಟ ನಿಂತರೆ ಅಥವಾ ನಾಯಿ ಗುಣವಾದರೆ ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಗುಳ್ಳೆಗಳು ತಾವಾಗಿಯೇ ಅಡಗುತ್ತವೆ. ನಾಯಿಯನ್ನು ಮತ್ತೆ ಮತ್ತೆ ಎತ್ತಿಕೊಳ್ಳುತ್ತಿದ್ದರೆ ಹೊಸ ನುಸಿಗಳು ಬರುತ್ತಲೇ ಇರುತ್ತವೆ, ಆಗ ತುರಿಕೆ ನಿಲ್ಲದಂತೆ ತೋರುತ್ತದೆ.

ಕೊನೆಯ ಮನೆಯವರ ಚಿತ್ರ ಇದಕ್ಕೆ ಹೊಂದುತ್ತಿರಲಿಲ್ಲ. ಅವರಲ್ಲಿ ಯಾರೂ ನಾಯಿಯನ್ನು ಮುಟ್ಟಿದವರಲ್ಲ. ಅವರ ಗುಳ್ಳೆಗಳು ಬೆರಳುಗಳ ಸಂದು, ಮಣಿಕಟ್ಟು, ಸೊಂಟದ ಸುತ್ತ ಇದ್ದವು. ರಾತ್ರಿ ಹಾಸಿಗೆ ಬೆಚ್ಚಗಾದ ಮೇಲೆ ತುರಿಕೆ ಹೆಚ್ಚುತ್ತಿತ್ತು. ಮೊದಲು ತುರಿಕೆ ಕಂಡದ್ದು ಹಾಸ್ಟೆಲ್‌ನಿಂದ ರಜೆಗೆ ಬಂದ ಹಿರಿಯ ಮಗಳಿಗೆ, ಉಳಿದವರಿಗೆ ಕೆಲವು ವಾರಗಳ ಬಳಿಕ. ಮನುಷ್ಯರ ಕಜ್ಜಿಗೆ ಮನುಷ್ಯರದ್ದೇ ಆದ ಬೇರೊಂದು ಬಗೆಯ ಸಾರ್ಕಾಪ್ಟಿಸ್ ಕಾರಣ. ಮೊದಲ ಸಲ ತಗುಲಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಅದು ಒಬ್ಬರಿಂದ ಒಬ್ಬರಿಗೆ ಹರಡಿ, ಚಿಕಿತ್ಸೆ ಇಲ್ಲದೆ ಹೋಗುವುದಿಲ್ಲ. ನಾನು ಮನುಷ್ಯರ ವೈದ್ಯನಲ್ಲವಾದ್ದರಿಂದ ಅವರಿಗೆ ಹೇಳಿದ್ದಿಷ್ಟು: ಇದು ನಾಯಿಯಿಂದ ಬಂದದ್ದೆಂದು ನನಗೆ ಅನ್ನಿಸುವುದಿಲ್ಲ, ಚರ್ಮರೋಗದ ಡಾಕ್ಟರರಿಗೆ ಇಂದೇ ತೋರಿಸಿ, ಹಾಸ್ಟೆಲ್ಲಿನ ಸಂಗತಿಯನ್ನೂ ಹೇಳಿ. ನಾಯಿಯನ್ನು ಸಾಗಿಸಿದ್ದರೆ ಆ ನಾಲ್ವರು ಕೆರೆದುಕೊಳ್ಳುತ್ತಲೇ ಇರುತ್ತಿದ್ದರು, ನಾಯಿಯ ನುಸಿ ಇನ್ನೊಂದು ಓಣಿಯ ನಾಯಿಗಳಿಗೆ ಹೋಗುತ್ತಿತ್ತು.

ಅಜ್ಜಿಗೆ ರೊಟ್ಟಿ ಹಾಕುವುದನ್ನು ಬಿಡಬೇಕಾಗಿಲ್ಲ ಎಂದೆ. ಈ ನುಸಿಗೆ ಹಾರುವ, ಜಿಗಿಯುವ ಶಕ್ತಿಯಿಲ್ಲ. ಮೈಗೆ ಮೈ ತಾಗಬೇಕು, ಇಲ್ಲವೇ ನಾಯಿ ಮಲಗಿದ ಬಟ್ಟೆ, ಗೋಣಿ ತಾಗಬೇಕು. ದೂರದಲ್ಲಿ ನೆಲದ ಮೇಲೋ ತಟ್ಟೆಯಲ್ಲೋ ಆಹಾರವಿಟ್ಟು ಹಿಂದೆ ಸರಿಯುವವರಿಗೆ ಅಪಾಯ ತೀರಾ ಕಡಿಮೆ. ತಟ್ಟೆಯನ್ನು ಎತ್ತಿದ ಮೇಲೆ ಸೋಪಿನಿಂದ ಕೈ ತೊಳೆದುಕೊಂಡರಾಯಿತು. ಹಿಡಿದು ಔಷಧ ಹಚ್ಚುವವರ ಸ್ಥಿತಿ ಬೇರೆ: ಅವರು ತುಂಬುತೋಳಿನ ಅಂಗಿ ಮತ್ತು ಕೈಗವಸು ಹಾಕಿಕೊಳ್ಳಬೇಕು, ಕೆಲಸ ಮುಗಿದೊಡನೆ ಆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಅವರಿಗೆ ನುಸಿಗಿಂತ ದೊಡ್ಡ ಅಪಾಯ ಕಚ್ಚುವುದು. ಉರಿಯುವ ಚರ್ಮವನ್ನು ಮುಟ್ಟಿದರೆ ಸಾಧು ನಾಯಿಯೂ ಕಚ್ಚುತ್ತದೆ, ಮತ್ತು ನಮ್ಮಲ್ಲಿ ಬೀದಿನಾಯಿ ಕಚ್ಚಿದರೆ ಹುಚ್ಚುನಾಯಿ ರೋಗದ ಮಾತು ಬಂದೇ ಬರುತ್ತದೆ. ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಲೇಬೇಕು.

ಚಿಕಿತ್ಸೆಯ ವಿಷಯಕ್ಕೆ ಬಂದಾಗ ಒಬ್ಬ ಯುವಕ ಗ್ಯಾರೇಜಿನಿಂದ ತಂದ ಕರಿ ಎಣ್ಣೆಯ ಡಬ್ಬಿ ತೋರಿಸಿದ. ಸುಟ್ಟ ಇಂಜಿನ್ ಎಣ್ಣೆಯನ್ನು ಕಜ್ಜಿ ನಾಯಿಗೆ ಸುರಿಯುವ ರೂಢಿ ಅನೇಕ ಊರುಗಳಲ್ಲಿದೆ, ಮತ್ತು ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ: ನಾಯಿ ಅದನ್ನು ನೆಕ್ಕಿ ಹೊಟ್ಟೆಗೆ ಸೇರಿಸಿಕೊಳ್ಳುತ್ತದೆ, ಒಡೆದ ಚರ್ಮದ ಮೂಲಕವೂ ವಿಷ ಒಳಗಿಳಿಯುತ್ತದೆ. ಇನ್ನೊಬ್ಬರು ತಮ್ಮ ಎಮ್ಮೆಗೆಂದು ತಂದಿಟ್ಟಿದ್ದ ಐವರ್‌ಮೆಕ್ಟಿನ್ ಚುಚ್ಚುಮದ್ದು ಕೊಡಲು ಮುಂದಾದರು. ಔಷಧವೇನೋ ಸರಿಯಾದದ್ದೇ, ಅಳತೆಯಲ್ಲಿ ಅಪಾಯವಿದೆ. ದನಗಳ ಆ ಔಷಧದ ಒಂದು ಮಿಲಿಯಲ್ಲಿ 10 ಮಿಲಿಗ್ರಾಂ ಇರುತ್ತದೆ. ಹನ್ನೆರಡು ಕಿಲೋದ ನಾಯಿಗೆ ಕಿಲೋಗೆ 0.2 ಮಿಲಿಗ್ರಾಂನಂತೆ ಲೆಕ್ಕ ಹಾಕಿದರೆ ಕಾಲು ಮಿಲಿಯೂ ಆಗುವುದಿಲ್ಲ; ಅಂದಾಜಿನಲ್ಲಿ ಎರಡು ಮಿಲಿ ಕೊಟ್ಟರೆ ಅದರ ಎಂಟು ಪಟ್ಟಿಗೂ ಹೆಚ್ಚು. ಅತಿಯಾದಾಗ ಕಣ್ಣಪಾಪೆ ಅಗಲವಾಗಿ, ಜೊಲ್ಲು ಸುರಿದು, ಕಾಲು ತಡವರಿಸಿ ನಾಯಿ ಪ್ರಜ್ಞೆ ತಪ್ಪುತ್ತದೆ. ಕೋಲಿ ಜಾತಿಯ ರಕ್ತವಿರುವ ನಾಯಿಗಳಿಗೆ ಇನ್ನೂ ಕಡಿಮೆ ಪ್ರಮಾಣವೂ ಮಾರಕವಾಗಬಹುದು.

ಮತ್ತೆ ಮತ್ತೆ ಹಿಡಿಯಲು ಸಿಗದ ಬೀದಿನಾಯಿಗೆ ಬಾಯಿಯಿಂದ ಕೊಡುವ ಫ್ಲುರಾಲನರ್, ಅಫಾಕ್ಸೊಲನರ್ ಗುಂಪಿನ ಮಾತ್ರೆಗಳು ನನಗೆ ಹೆಚ್ಚು ಸೂಕ್ತವೆನಿಸುತ್ತವೆ; ಮೂರ್ಛೆ ಬರುವ ನಾಯಿಗೆ ಮಾತ್ರ ಎಚ್ಚರ ಬೇಕು. ತೂಕಕ್ಕೆ ತಕ್ಕ ಅಫಾಕ್ಸೊಲನರ್ ಮಾತ್ರೆಯನ್ನು ಬೇಯಿಸಿದ ಮೊಟ್ಟೆಯೊಳಗಿಟ್ಟು ಅಜ್ಜಿಯ ಕೈಯಿಂದಲೇ ಹಾಕಿಸಿದೆ, ತಿಂಗಳ ನಂತರ ಇನ್ನೊಂದು ಕೊಡಬೇಕೆಂದು ತಿಳಿಸಿದೆ. ಕೀವಿಗೆ ಬೇರೆಯಾಗಿ ಆಂಟಿಬಯೋಟಿಕ್ ಬೇಕಾಯಿತು. ಅದರ ಜೊತೆ ಮಲಗುತ್ತಿದ್ದ ಉಳಿದ ಮೂರು ನಾಯಿಗಳು ತುರಿಸಿಕೊಳ್ಳದಿದ್ದರೂ ಅವಕ್ಕೂ ಅದೇ ದಿನ ಮಾತ್ರೆ ಕೊಟ್ಟೆವು, ಇಲ್ಲದಿದ್ದರೆ ನುಸಿ ಅವುಗಳಿಂದ ಮರಳಿ ಬರುತ್ತಿತ್ತು. ಗೋಣಿಚೀಲವನ್ನು ಸುಡಿಸಿದೆ. ಒಣ ಬಿಸಿಲಿನಲ್ಲಿ ನಾಯಿಯ ಮೈಬಿಟ್ಟ ನುಸಿ ಬೇಗ ಸಾಯುತ್ತದೆ, ಆದರೆ ತಂಪೂ ತೇವವೂ ಇದ್ದಷ್ಟು ಅದರ ಆಯುಷ್ಯ ಹೆಚ್ಚುತ್ತದೆ. ಬೆಳಗಾವಿಯ ಜುಲೈನಲ್ಲಿ ಮೆಟ್ಟಿಲ ಕೆಳಗಿನ ಹಸಿಗೋಣಿಗಿಂತ ಅದಕ್ಕೆ ಹಿತವಾದ ಜಾಗ ಇನ್ನೊಂದಿಲ್ಲ.

ಎರಡನೇ ಮಾತ್ರೆ ಕೊಡಲು ಹೋದಾಗ ನಾಯಿಯ ತುರಿಕೆ ಬಹುಮಟ್ಟಿಗೆ ನಿಂತು, ಮೊಣಕೈಯಲ್ಲಿ ಸಣ್ಣ ಕೂದಲು ಮೂಡಿತ್ತು. ಹುಡುಗನ ಗುಳ್ಳೆಗಳು ಒಣಗಿ ಹೋಗಿದ್ದವು. ಕೊನೆಯ ಮನೆಯವರಿಗೆ ಡಾಕ್ಟರರು ಮನುಷ್ಯರ ಕಜ್ಜಿ ಎಂದೇ ಗುರುತಿಸಿ, ನಾಲ್ವರೂ ಒಂದೇ ರಾತ್ರಿ ಕುತ್ತಿಗೆಯಿಂದ ಕಾಲಿನವರೆಗೆ ಪರ್ಮೆತ್ರಿನ್ ಕ್ರೀಮ್ ಹಚ್ಚಿಕೊಂಡು, ವಾರದ ಬಳಿಕ ಮತ್ತೊಮ್ಮೆ ಹಚ್ಚಿಕೊಳ್ಳುವಂತೆ ಹೇಳಿದ್ದರು. ನುಸಿ ಸತ್ತ ಮೇಲೂ ತುರಿಕೆ ಕೆಲವು ವಾರ ಉಳಿಯಬಹುದೆಂದು ತಿಳಿಸಿದ್ದರಿಂದ ಅವರು ಗಾಬರಿಯಾಗಿರಲಿಲ್ಲ.

ಅದೇ ದಿನ ಓಣಿಯವರು ಇನ್ನೊಂದು ಮರಿಯನ್ನು ತೋರಿಸಿದರು. ಅದರ ಕಣ್ಣ ಸುತ್ತ ಮತ್ತು ತುಟಿಯ ಬಳಿ ಕೂದಲು ಉದುರಿ ರೂಪಾಯಿಯಷ್ಟಗಲದ ಬೋಳು ಮಚ್ಚೆಗಳಿದ್ದವು. ಮರಿ ಕೆರೆದುಕೊಳ್ಳುತ್ತಿರಲಿಲ್ಲ. ಈ ಬಾರಿ ಚರ್ಮವನ್ನು ಹಿಂಡಿ, ರಕ್ತ ಜಿನುಗುವಷ್ಟು ಆಳಕ್ಕೆ ಕೆರೆದು ನೋಡಿದರೆ ಉದ್ದುದ್ದನೆಯ ಡೆಮೋಡೆಕ್ಸ್ ನುಸಿಗಳು ಕಂಡವು. ಇವು ಕೂದಲಿನ ಬುಡದಲ್ಲಿ ಬದುಕುತ್ತವೆ, ಹುಟ್ಟಿದ ಮೊದಲ ದಿನಗಳಲ್ಲಿ ತಾಯಿಯ ಮೈಯಿಂದ ಮರಿಗೆ ಬರುತ್ತವೆ, ಮನುಷ್ಯರಿಗೆ ಅಂಟುವುದಿಲ್ಲ. ದೇಹದ ರೋಗನಿರೋಧಕ ಶಕ್ತಿ ಕುಂದಿದಾಗ ಮಾತ್ರ ಹೆಚ್ಚಿ ಕೂದಲು ಉದುರಿಸುತ್ತವೆ. ಎರಡು ಮೂರು ಮಚ್ಚೆಗಳಷ್ಟೇ ಇರುವ ಮರಿಗಳಲ್ಲಿ ಬಹಳಷ್ಟು ತಾವಾಗಿಯೇ ಗುಣವಾಗುತ್ತವೆ. ಹುಳದ ಔಷಧ ಕೊಟ್ಟು, ಹೊಟ್ಟೆ ತುಂಬ ತಿನ್ನಲು ಹಾಕಿ, ತಿಂಗಳೊಳಗೆ ಮಚ್ಚೆಗಳು ಹರಡಿದರೆ ಅಥವಾ ಪಾದಗಳು ಊದಿಕೊಂಡರೆ ನನಗೆ ತಿಳಿಸುವಂತೆ ಹೇಳಿ, ಮರಿಯನ್ನು ಅಜ್ಜಿಯ ಮೊಮ್ಮಗಳ ಕೈಗೆ ಕೊಟ್ಟೆ.