ದಿನಕ್ಕೊಂದು ಸ್ವರಜೋಡಣೆ: 1000ನೆಯದನ್ನು ನೇರವಾಗಿ ಹುಡುಕಿದ ಕತೆ

ಮೊದಲ ಶನಿವಾರ

ಬೆಳಿಗ್ಗೆ ಸಾಧನೆಗೆ ಕೂತಾಗ ಏಳು ಸ್ವರಗಳನ್ನು ದಿನಕ್ಕೊಂದು ಹೊಸ ಕ್ರಮದಲ್ಲಿ ಹಾಡಬೇಕು ಅನ್ನೋದು ಆಸೆ. ಸ ರಿ ಗ ಮ ಪ ದ ನಿ, ಪ್ರತಿಯೊಂದೂ ಒಂದೇ ಸಲ ಬರಬೇಕು. ಪ್ರೋಗ್ರಾಮಿಗೆ ಇವು ಬರೀ 1ರಿಂದ 7ರವರೆಗಿನ ಅಂಕಿಗಳು. ತೆರೆಯ ಮೇಲೆ ಮಾತ್ರ ಸ್ವರಗಳಾಗಿ ಕಾಣಿಸಿದರೆ ಸಾಕು.

ಒಟ್ಟು ಕ್ರಮಯೋಜನೆಗಳು 7 × 6 × 5 × 4 × 3 × 2 × 1, ಅಂದರೆ 5040. ದಿನಕ್ಕೊಂದರಂತೆ ಹದಿಮೂರು ಮುಕ್ಕಾಲು ವರ್ಷಕ್ಕೆ ಬರುತ್ತದೆ. ಅಷ್ಟು ದಿನ ಬೇಗ ಎದ್ದರೆ ಆಮೇಲಿನ ಮಾತು.

ಪೈಥಾನ್‌ನ `itertools.permutations` ಕರೆದು ಪೂರಾ ಪಟ್ಟಿ ಮಾಡಿ, ಬೇಕಾದ ಸಾಲನ್ನು ತೆಗೆದೆ. ಹತ್ತು ನಿಮಿಷದ ಕೆಲಸ. ಅಲ್ಲಿಗೇ ನಿಲ್ಲಿಸಬಹುದಿತ್ತು. ಸುಮ್ನೆ ನೋಡೋಣ ಅಂತ ಹನ್ನೆರಡು ಸ್ವರಸ್ಥಾನಗಳನ್ನೂ ಕೊಟ್ಟೆ. 12ರ ಫ್ಯಾಕ್ಟೋರಿಯಲ್ 47,90,01,600. ಪಟ್ಟಿ ಪೂರ್ತಿಯಾಗಲು 60 ಜಿಬಿಗೂ ಜಾಸ್ತಿ ಮೆಮೊರಿ ಬೇಕು. ಲ್ಯಾಪ್‌ಟಾಪ್ ಫ್ಯಾನು ಕಿರುಚಿತು, ಆಮೇಲೆ ಮೌಸೂ ನಿಂತಿತು. ಬೇಕಾಗಿದ್ದು ಒಂದೇ ಸಾಲು, ಅದಕ್ಕಾಗಿ ನಲವತ್ತೇಳು ಕೋಟಿ ಸಾಲು ಬರೆಸುವುದು ಯಾಕೋ ಸರಿ ಅನ್ನಿಸಲಿಲ್ಲ.

ಭಾನುವಾರ, ಕಾಗದದ ಮೇಲೆ

ಕಂಪ್ಯೂಟರ್ ಮುಚ್ಚಿಟ್ಟು ಪೆನ್ನು ಹಿಡಿದೆ. ಪಟ್ಟಿ ಅಕಾರಾದಿಯ ಹಾಗೆ ಇದೆ ಅಂದುಕೊಳ್ಳಿ. ಮೊದಲು ‘ಸ’ದಿಂದ ಶುರುವಾಗುವ ಸಾಲುಗಳೆಲ್ಲ, ಆಮೇಲೆ ‘ರಿ’ಯವು, ಹೀಗೆ. ‘ಸ’ವನ್ನು ಮೊದಲಿಗೆ ಕೂರಿಸಿದರೆ ಉಳಿದ ಆರನ್ನು 720 ಥರ ಜೋಡಿಸಬಹುದು. ಹಾಗಾಗಿ ಪಟ್ಟಿ 720 ಸಾಲುಗಳ ಏಳು ಕಂತೆಗಳಾಗಿ ತಾನೇ ಒಡೆದುಕೊಳ್ಳುತ್ತದೆ. ಒಂದೊಂದು ಕಂತೆಯೊಳಗೆ 120ರ ಆರು ಕಂತೆ, ಅದರೊಳಗೆ 24ರ ಐದು, ಆಮೇಲೆ 6, 2, 1.

1000ನೇ ಸಾಲು ಬೇಕು ಅನ್ನಿ. ಅದಕ್ಕಿಂತ ಮುಂಚೆ 999 ಸಾಲುಗಳಿವೆ. ಭಾಗಿಸುವುದು ಆ 999ನ್ನೇ.

999ರಲ್ಲಿ 720 ಒಂದು ಸಲ ಹೋಗಿ 279 ಉಳಿಯುತ್ತದೆ. ಅಂದರೆ ಒಂದು ಕಂತೆ ಪೂರ್ತಿ ದಾಟಿದೆವು, ‘ಸ’ ಮುಗಿಯಿತು, ಮೊದಲ ಸ್ವರ ‘ರಿ’. ಅದನ್ನು ಪಟ್ಟಿಯಿಂದ ತೆಗೆದರೆ ಉಳಿದವು ಸ ಗ ಮ ಪ ದ ನಿ. 279ರಲ್ಲಿ 120 ಎರಡು ಸಲ, ಉಳಿದದ್ದು 39. ಎರಡನ್ನು ದಾಟಿದರೆ ‘ಮ’. ಈಗ ಉಳಿದವು ಸ ಗ ಪ ದ ನಿ. 39ರಲ್ಲಿ 24 ಒಂದು ಸಲ, ಉಳಿದದ್ದು 15. ಒಂದನ್ನು ದಾಟಿ ‘ಗ’. 15ರಲ್ಲಿ 6 ಎರಡು ಸಲ, ಉಳಿದದ್ದು 3. ಸ ಪ ದ ನಿ ಇವುಗಳಲ್ಲಿ ಎರಡನ್ನು ದಾಟಿ ‘ದ’. 3ರಲ್ಲಿ 2 ಒಂದು ಸಲ, ಉಳಿದದ್ದು 1. ಸ ಪ ನಿಯಲ್ಲಿ ಒಂದನ್ನು ದಾಟಿ ‘ಪ’. 1ರಲ್ಲಿ 1 ಒಂದು ಸಲ, ‘ನಿ’. ಕೊನೆಗೆ ಮಿಕ್ಕಿದ್ದು ‘ಸ’.

ರಿ ಮ ಗ ದ ಪ ನಿ ಸ.

ಹಾಡಿ ನೋಡಿದೆ. ಯಾರೋ ಬೇಕಂತಲೇ ಕೂತು ಕಟ್ಟಿದ ವಕ್ರ ಸಂಚಾರದ ಹಾಗಿದೆ, ಅಲ್ವಾ? ಬರೀ ಭಾಗಾಕಾರದಿಂದ ಬಂದದ್ದು.

ಸಿಕ್ಕ ಭಾಗಲಬ್ಧಗಳನ್ನು ಸಾಲಾಗಿ ಬರೆದರೆ 1 2 1 2 1 1 0. ಇದೇ ಫ್ಯಾಕ್ಟೋರಿಯಲ್ ಸಂಖ್ಯಾಪದ್ಧತಿಯಲ್ಲಿ 999. ನಮ್ಮ ದಶಮಾಂಶ ಪದ್ಧತಿಯಲ್ಲಿ ಸ್ಥಾನಬೆಲೆ 1, 10, 100 ಅಂತ ಪ್ರತಿ ಸಲ ಹತ್ತುಪಟ್ಟು ಬೆಳೆಯುತ್ತದೆ. ಇಲ್ಲಿ ಮೊದಲು ಎರಡು ಪಟ್ಟು, ಆಮೇಲೆ ಮೂರು ಪಟ್ಟು, ನಾಲ್ಕು ಪಟ್ಟು. ಅದಕ್ಕೇ ಒಂದೊಂದು ಸ್ಥಾನದಲ್ಲಿ ಬರಬಹುದಾದ ಅಂಕಿಗೂ ಬೇರೆ ಬೇರೆ ಮಿತಿ ಇದೆ. 720ರ ಸ್ಥಾನದಲ್ಲಿ 6ರವರೆಗೆ, 120ರ ಸ್ಥಾನದಲ್ಲಿ 5ರವರೆಗೆ, ಕೊನೆಯದರಲ್ಲಿ ಯಾವಾಗಲೂ 0. ಆ ಹೊತ್ತಿಗೆ ಪಟ್ಟಿಯಲ್ಲಿ ಎಷ್ಟು ಸ್ವರ ಉಳಿದಿದೆಯೋ ಅಷ್ಟೇ ಆಯ್ಕೆ ಅನ್ನುವುದರ ಇನ್ನೊಂದು ರೂಪ ಇದು.

ಮಂಗಳವಾರ ರಾತ್ರಿ

ಕೋಡ್ ಬರೆದೆ.

```python
import math

def kth(k, swaras):
    left = list(swaras)
    r = k - 1
    f = math.factorial(len(left))
    out = []
    while left:
        f //= len(left)
        i, r = divmod(r, f)
        out.append(left.pop(i))
    return out
```

ಮೊದಲು ಬರೆದಾಗ `k - 1` ಇರಲಿಲ್ಲ, ಬರೀ `k` ಇತ್ತು. 1000 ಕೊಟ್ಟರೆ ರಿ ಮ ಗ ದ ನಿ ಸ ಪ ಬಂತು. ಕಾಗದದ ಮೇಲೆ ಮಾಡಿರದಿದ್ದರೆ ಇದನ್ನೇ ಸರಿ ಅಂದುಕೊಳ್ಳುತ್ತಿದ್ದೆ. ಅದು 1001ನೆಯದು. ನಡುವಿನ ಸಂಖ್ಯೆಗಳಲ್ಲಿ ಈ ತಪ್ಪು ಕಣ್ಣಿಗೆ ಬೀಳೋದಿಲ್ಲ, ಬರುವ ಉತ್ತರವೂ ಒಂದು ಸರಿಯಾದ ಜೋಡಣೆಯೇ ಆಗಿರುತ್ತದಲ್ಲ. 5040 ಕೊಟ್ಟರೆ ಮಾತ್ರ ಬಯಲಾಗುತ್ತದೆ. 5040ರಲ್ಲಿ 720 ಏಳು ಸಲ ಹೋಗುತ್ತದೆ, ಏಳನ್ನು ದಾಟಿದರೆ ಅಲ್ಲಿ ಯಾವ ಸ್ವರವೂ ಇಲ್ಲ. `IndexError` ಬಂದು ಬಿತ್ತು.

ಶುಕ್ರವಾರ

ಇದಕ್ಕಿಂತ ಕಳ್ಳ ತಪ್ಪು ಇನ್ನೊಂದಿತ್ತು. ಬುಧವಾರ ಬೆಳಿಗ್ಗೆ ಮೊದಲ ಸಲ ಪ್ರೋಗ್ರಾಮ್ ಹಚ್ಚಿದಾಗ ತೆರೆಯ ಮೇಲೆ ಬಂದದ್ದು ನಿ ದ ಪ ಮ ಗ ರಿ ಸ. ಅವರೋಹಣದಿಂದ ಶುಭಾರಂಭ, ಇರಲಿ ಅಂತ ಖುಷಿಯಾಗಿ ಹಾಡಿಯೂಬಿಟ್ಟೆ. ಗುರುವಾರ ಸ ರಿ ಗ ಮ ಪ ದ ನಿ ಬಂತು. ಆಗ ತಲೆಗೆ ಹೊಳೆಯಿತು, ಮೊದಲ ಸಾಲು ಎರಡನೇ ದಿನ ಯಾಕೆ ಬಂತು?

ಇವತ್ತಿನ ತಾರೀಖಿನಿಂದ ಶುರುವಾದ ತಾರೀಖನ್ನು ಕಳೆದು `k` ಮಾಡಿದ್ದೆ. ಮೊದಲ ದಿನ ಅದು 0. ಅದರಿಂದ 1 ಕಳೆದರೆ -1. ಬೇರೆ ಎಲ್ಲಾದರೂ ಇದು ಗದ್ದಲ ಮಾಡುತ್ತಿತ್ತೇನೋ. ಪೈಥಾನ್‌ನಲ್ಲಿ -1ನ್ನು 720ರಿಂದ ಭಾಗಿಸಿದರೆ ಭಾಗಲಬ್ಧ -1, ಶೇಷ 719. `pop(-1)` ಅಂದರೆ ಕೊನೆಯದನ್ನು ಕೊಡು ಅಂತ ಅರ್ಥ. 719 ಮುಂದಿನ ಎಲ್ಲ ಸ್ಥಾನಗಳಲ್ಲೂ ದೊಡ್ಡ ಅಂಕಿಯನ್ನೇ ಕೊಡುತ್ತದೆ. ಹೀಗೆ 0ನೇ ಸಾಲು ಕೇಳಿದರೆ ಸದ್ದಿಲ್ಲದೆ 5040ನೆಯದು ಬರುತ್ತದೆ. ಈಗ ಫಂಕ್ಷನ್ನಿನ ಬಾಗಿಲಲ್ಲೇ `k` 1ರಿಂದ 5040ರೊಳಗೆ ಇದೆಯೇ ಅಂತ ನೋಡುತ್ತೇನೆ.

ಎರಡನೇ ಭಾನುವಾರ, ಮೇಷ್ಟ್ರ ಮನೆಯಲ್ಲಿ

ಪಾಠ ಮುಗಿದ ಮೇಲೆ ಮೇಷ್ಟ್ರಿಗೆ ತೋರಿಸಿದೆ. ಕನ್ನಡಕ ಮೇಲೆತ್ತಿ ನೋಡಿ, “ಇದು ನಷ್ಟ ಕಣಯ್ಯಾ” ಅಂದರು.

“ನಷ್ಟ ಏನಿಲ್ಲ ಮೇಷ್ಟ್ರೇ, ರಾತ್ರಿ ಹೊತ್ತು ಮಾಡಿದ್ದು” ಅಂದೆ.

ನಕ್ಕುಬಿಟ್ಟರು. ಅವರು ಹೇಳಿದ್ದು ಶಾಸ್ತ್ರದ ‘ನಷ್ಟ’. ಸ್ವರಗಳ ಎಲ್ಲ ಜೋಡಣೆಗಳನ್ನು ಕ್ರಮವಾಗಿ ಬರೆಯುವುದು ಪ್ರಸ್ತಾರ. ಅದರಲ್ಲಿ ಇಂತಿಷ್ಟನೇ ಸಾಲು ಅಳಿಸಿಹೋಗಿದೆ, ಪೂರ್ತಿ ಬರೆಯದೆ ಅದನ್ನೊಂದೇ ಹೇಳು ಅನ್ನುವುದು ನಷ್ಟ. ಸಾಲನ್ನು ಕೊಟ್ಟು ಅದು ಎಷ್ಟನೆಯದು ಅಂತ ಕೇಳುವುದು ಉದ್ದಿಷ್ಟ. 13ನೇ ಶತಮಾನದಲ್ಲಿ ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಇದಕ್ಕೆ ಖಂಡಮೇರು ಅನ್ನುವ ಕೋಷ್ಟಕ ಕೊಟ್ಟಿದ್ದಾನೆ. ಫ್ರಾನ್ಸಿನ ಗಣಿತಜ್ಞ ಲೈಸಾಂ ಈ ಫ್ಯಾಕ್ಟೋರಿಯಲ್ ಸಂಖ್ಯಾಪದ್ಧತಿಯನ್ನು ಕ್ರಮಯೋಜನೆಗಳಿಗೆ ಹೊಂದಿಸಿ ಬರೆದದ್ದು 1888ರಲ್ಲಿ.

ಮೇಷ್ಟ್ರು ನನ್ನ ನೋಟ್‌ಬುಕ್ಕಿನ ಹಿಂಬದಿಯಲ್ಲೇ ಕೋಷ್ಟಕ ಗೀಚಿದರು. ಏಳು ಕಂಬಸಾಲು. ಮೊದಲನೆಯದರಲ್ಲಿ ಒಂದೇ ಮನೆ, ಅದರಲ್ಲಿ 1. ಎರಡನೆಯದರಲ್ಲಿ 0, 1. ಮೂರನೆಯದರಲ್ಲಿ 0, 2, 4. ಆಮೇಲೆ 0, 6, 12, 18. ಹೀಗೇ ಮುಂದುವರಿದು ಏಳನೆಯದರಲ್ಲಿ 0, 720, 1440 ಅಂತ 4320ರವರೆಗೆ. ಒಂದೊಂದು ಕಂಬಸಾಲಿನಿಂದ ಒಂದೊಂದೇ ಮನೆ ಆರಿಸಿ, ಮೊತ್ತ ಬೇಕಾದ ಸಂಖ್ಯೆ ಆಗಬೇಕು. ಆರಿಸಿದ ಮನೆಯಲ್ಲಿ ಒಂದು ಲೋಷ್ಟ, ಅಂದರೆ ಮಣ್ಣಿನ ಹೆಂಟೆ, ಇಡುವುದು. ನಾವು ಹುಣಸೆಬೀಜ ಇಟ್ಟೆವು.

1000ಕ್ಕೆ 720 + 240 + 24 + 12 + 2 + 1 + 1. ನನ್ನ ಅಂಕಿಗಳೇ! ಕೊನೆಯ 1 ನೋಡಿ. ಅದು ಮೊದಲ ಕಂಬಸಾಲಿನ ಒಂಟಿ ಮನೆ, ತಪ್ಪಿಸಿಕೊಳ್ಳುವ ಹಾಗೇ ಇಲ್ಲ. ನಾನು ಒಂದು ರಾತ್ರಿ ಒದ್ದಾಡಿದ `k - 1` ಕೋಷ್ಟಕದ ಮೂಲೆಯಲ್ಲಿ ತಣ್ಣಗೆ ಕೂತಿದೆ. ಎಲ್ಲ ಮೇಲಿನ ಮನೆಗಳನ್ನು ಕೂಡಿದರೆ 1, ಎಲ್ಲ ಕೆಳಗಿನವನ್ನು ಕೂಡಿದರೆ ಸರಿಯಾಗಿ 5040.

ಆದರೆ ಉತ್ತರ ಬೇರೆ ಬಂತು. ಹತ್ತು ನಿಮಿಷ ಇಬ್ಬರೂ ತಲೆ ಕೆರೆದುಕೊಂಡೆವು. ಪ್ರಸ್ತಾರದ ಕ್ರಮವೇ ಬೇರೆ. ಮೂರು ಸ್ವರಕ್ಕೆ ಅದು ಸರಿಗ, ರಿಸಗ, ಸಗರಿ, ಗಸರಿ, ರಿಗಸ, ಗರಿಸ ಅಂತ ಹೋಗುತ್ತದೆ. ಬದಲಾವಣೆ ಎಡಗಡೆ ಬೇಗ, ಬಲಗಡೆ ನಿಧಾನ. ಹಾಗಾಗಿ ದೊಡ್ಡ ಅಂಕಿ ಹೇಳುವುದು ಕೊನೆಯ ಸ್ವರವನ್ನು, ಎಣಿಸುವುದೂ ‘ನಿ’ಯ ಕಡೆಯಿಂದ. 1 ದಾಟಿದರೆ ‘ದ’, ಅದು ಕೊನೆಗೆ. ಉಳಿದವುಗಳಲ್ಲಿ 2 ದಾಟಿದರೆ ‘ಮ’, ಅದು ‘ದ’ದ ಎಡಕ್ಕೆ. ಹೀಗೆ ಹೋದರೆ ಪ್ರಸ್ತಾರದ 1000ನೇ ಸಾಲು ನಿ ಸ ಗ ರಿ ಪ ಮ ದ.

ಫಂಕ್ಷನ್ನಿನ ಹೆಸರನ್ನು ಅವತ್ತೇ `nashta` ಅಂತ ಬದಲಿಸಿದೆ. ಮರುದಿನ `uddishta` ಕೂಡ ಬರೆದು, 1ರಿಂದ 5040ರವರೆಗೆ ಹೋಗಿ ವಾಪಸ್ ಬರುವಂತೆ ಪರೀಕ್ಷೆ ಮಾಡಿದೆ. ಎಲ್ಲವೂ ತಾಳೆಯಾಯಿತು. ಕ್ರಮ ಮಾತ್ರ ನನ್ನದನ್ನೇ ಇಟ್ಟುಕೊಂಡೆ.

ಒಂದು ಕಡೆ ಇದು ಕೈಕೊಡುತ್ತದೆ. ಸ ಸ ರಿ ಅಂತ ಸ್ವರ ಎರಡು ಸಲ ಬಂದರೆ ಇರುವ ಜೋಡಣೆ ಮೂರೇ, ಫಂಕ್ಷನ್ ಮಾತ್ರ ಆರು ಅಂದುಕೊಂಡು 1ನೆಯದನ್ನೇ 3ನೆಯದಾಗಿ ಮತ್ತೆ ಕೊಡುತ್ತದೆ. ಅಲ್ಲಿ ಕಂತೆಗಳು ಸಮನಾಗಿಲ್ಲ. ‘ಸ’ದಿಂದ ಶುರುವಾಗುವವು ಎರಡು, ‘ರಿ’ಯಿಂದ ಒಂದೇ. ಭಾಗಿಸಲು ಬರುವುದಿಲ್ಲ, ಒಂದೊಂದೇ ಕಂತೆಯ ಅಳತೆ ಎಣಿಸಿ ಕಳೆಯುತ್ತಾ ಹೋಗಬೇಕು. ಅದನ್ನು ಇನ್ನೂ ಬರೆದಿಲ್ಲ.

ನಾಲ್ಕನೇ ವಾರ

ಈಗ ನಿಜವಾದ ತಕರಾರು. ಬೇಜಾರು ಬಂತು. ಮೊದಲ 24 ದಿನವೂ ಸ ರಿ ಗ ಅಂತಲೇ ಶುರು. 23ನೇ ದಿನ ಸ ರಿ ಗ ನಿ ದ ಮ ಪ. ಲೆಕ್ಕ ಹಾಕಿದರೆ ಸುಮಾರು ಎರಡು ವರ್ಷ ಮೊದಲ ಸ್ವರ ‘ಸ’ವೇ.

ಆದರೆ ಯಾವ ಸಾಲನ್ನು ಬೇಕಾದರೂ ನೇರವಾಗಿ ತೆಗೆಯಲು ಬರುತ್ತದಲ್ಲ, ಸಾಲಾಗಿ ಯಾಕೆ ಹೋಗಬೇಕು? ದಿನಕ್ಕೆ 1000 ಸಾಲು ಹಾರುವುದು, 5040 ದಾಟಿದರೆ ಸುತ್ತಿ ಮೊದಲಿಗೆ ಬರುವುದು ಅಂತ ಮಾಡಿದೆ. ಸ್ವರಗಳು ಚೆನ್ನಾಗಿ ಚದುರಿದವು. ಅನುಮಾನಕ್ಕೆ 5040 ದಿನದ ಉತ್ತರಗಳನ್ನು ಒಂದು `set`ಗೆ ಹಾಕಿ ಎಣಿಸಿದರೆ 126 ಮಾತ್ರ! 1000 ಮತ್ತು 5040 ಎರಡನ್ನೂ 40 ಭಾಗಿಸುತ್ತದೆ, ಹಾಗಾಗಿ 126 ದಿನಕ್ಕೆ ಗಾಲಿ ಮತ್ತೆ ಅಲ್ಲಿಗೇ ಬರುತ್ತದೆ. ಹಾರುವ ಸಂಖ್ಯೆಯನ್ನು 2, 3, 5, 7 ಯಾವುದೂ ಭಾಗಿಸಬಾರದು. 1931 ಆರಿಸಿದೆ.

```python
k = (day * 1931) % 5040 + 1
```

ಇಲ್ಲಿ `day` 0ಯಿಂದ ಶುರುವಾದರೂ ಪರವಾಗಿಲ್ಲ. `set` ಈಗ 5040 ತೋರಿಸುತ್ತದೆ. ಎಣಿಕೆಯನ್ನು ಇವತ್ತು ಮತ್ತೆ 0ಯಿಂದ ಶುರುಮಾಡಿದೆ, ಹಾಗಾಗಿ ಬೆಳಿಗ್ಗೆ ಮಾಮೂಲಿ ಸ ರಿ ಗ ಮ ಪ ದ ನಿ. ನಾಳೆಯದು ಗ ದ ಸ ಮ ನಿ ಪ ರಿ. ‘ದ’ದಿಂದ ‘ಸ’ಕ್ಕೆ ಒಮ್ಮೆಲೇ ಇಳಿಯುವ ಜಾಗದಲ್ಲಿ ಶ್ರುತಿ ನಿಲ್ಲುತ್ತಿಲ್ಲ, ಈಗಲೇ ಎರಡು ಸಲ ಹಾಡಿ ನೋಡಿದೆ.